ಸಂಜೆ 4ರೊಳಗಿನ ಹಾಟ್‌ಫಿಕ್ಸ್‌ಗೆ ಎಷ್ಟು ಟೆಸ್ಟ್ ಓಡಿಸಬೇಕು: ಬಿಲ್ಲಿಂಗ್ ತಂತ್ರಾಂಶದ ಬುಧವಾರದ ದಾಖಲೆ

ಒಂದು ಸಹಕಾರಿ ಮಳಿಗೆಗೆ ನಾವು ಬರೆದುಕೊಟ್ಟಿರುವ ಬಿಲ್ಲಿಂಗ್ ತಂತ್ರಾಂಶದಲ್ಲಿ, ಶುಕ್ರವಾರದ ಬಿಡುಗಡೆಯ ನಂತರ ಕೆಲವು ಬಿಲ್ಲುಗಳ ಮೊತ್ತ ಎರಡು ಪೈಸೆ ಕಡಿಮೆ ಬರುತ್ತಿರುವುದು ಇಂದು ಮಧ್ಯಾಹ್ನ 1.30ಕ್ಕೆ ಖಚಿತವಾಯಿತು. ₹49.80 ಬೆಲೆಯ ವಸ್ತುವಿಗೆ ಶೇ 5ರ ಜಿಎಸ್‌ಟಿಯಲ್ಲಿ ಕೇಂದ್ರದ ಪಾಲು ₹1.245, ಅದು 1.25 ಆಗಬೇಕಿದ್ದ ಕಡೆ 1.24 ಆಗುತ್ತಿತ್ತು, ರಾಜ್ಯದ ಪಾಲಿನಲ್ಲಿಯೂ ಹಾಗೆಯೇ. ಪೈಥಾನ್‌ನ `Decimal`ಗೆ ಪೂರ್ಣಾಂಕನದ ರೀತಿಯನ್ನು ನಾವು ಹೇಳದಿದ್ದರೆ ಅದು ಸರಿಯಾಗಿ ನಡುವೆ ಬಿದ್ದ ಸಂಖ್ಯೆಯನ್ನು ಸಮ ಅಂಕಿಯ ಕಡೆಗೆ ಒಯ್ಯುತ್ತದೆ. ತಿದ್ದುಪಡಿ ಒಂದೇ ಸಾಲಿನದು:

```
tax = tax.quantize(Decimal("0.01"), rounding=ROUND_HALF_UP)
```

ಬಿಡುಗಡೆ 4ಕ್ಕೆ ಆಗಲೇಬೇಕಿತ್ತು. ಪೂರ್ಣ ಟೆಸ್ಟ್ ಸೂಟ್ ಮುಗಿಯಲು 2 ಗಂಟೆ 50 ನಿಮಿಷ ಬೇಕು. ತಿದ್ದುಪಡಿ ಸಿದ್ಧವಾದಾಗಲೇ 2 ಗಂಟೆ. ಉಳಿದ ಎರಡು ಗಂಟೆಯನ್ನೂ ಟೆಸ್ಟ್‌ಗಳಿಂದ ತುಂಬಿಸುವುದು ನನಗೆ ಸರಿಯೆನಿಸಲಿಲ್ಲ. ಏನಾದರೂ ಬಿದ್ದರೆ ಸರಿಪಡಿಸಿ ಮತ್ತೊಮ್ಮೆ ಓಡಿಸಲು ಸಮಯ ಉಳಿಯಬೇಕಾದ್ದರಿಂದ, ಒಂದು ಸುತ್ತಿಗೆ 40 ನಿಮಿಷ ಎಂದು ಮಿತಿ ಹಾಕಿಕೊಂಡೆ.

ಈ ಸಾಲಿರುವ ಫಂಕ್ಷನ್ನನ್ನು ಯಾರು ಕರೆಯುತ್ತಾರೆಂದು `grep` ಮಾಡಿದಾಗ ಮೂರು ಕಡತಗಳು ಮಾತ್ರ ಸಿಕ್ಕವು. ಆದರೆ ಮುದ್ರಣದ ಟೆಂಪ್ಲೇಟ್ ಅದನ್ನು ಬೇರೊಂದು ಹೆಸರಿನ ಫಿಲ್ಟರ್ ಮೂಲಕ ಕರೆಯುವುದರಿಂದ ಅದು ಆ ಹುಡುಕಾಟಕ್ಕೆ ಸಿಗಲಿಲ್ಲ. ಪುಣ್ಯಕ್ಕೆ, ಶುಕ್ರವಾರ ಇದೇ ಟ್ಯಾಗ್ ಮೇಲೆ ಪೂರ್ಣ ಸೂಟನ್ನು `--cov-context=test` ಆಯ್ಕೆಯೊಂದಿಗೆ ಓಡಿಸಿ, ಕವರೇಜ್ ಕಡತವನ್ನು ಉಳಿಸಿಕೊಂಡಿದ್ದೆವು. ಯಾವ ಸಾಲನ್ನು ಯಾವ ಟೆಸ್ಟ್ ಮುಟ್ಟಿತೆಂಬುದು ಅದರಲ್ಲಿ ದಾಖಲಾಗಿರುತ್ತದೆ. ಬದಲಾದ ಸಾಲನ್ನು ಮುಟ್ಟಿದ್ದ 86 ಟೆಸ್ಟ್‌ಗಳ ಜೊತೆಗೆ ಲಾಗಿನ್, ಪಾವತಿ ಮತ್ತು ದಿನದ ಲೆಕ್ಕಕ್ಕೆ ಸೇರಿದ 12ನ್ನು ಆರಿಸಿಕೊಂಡೆವು. ದಾಸ್ತಾನು ಮತ್ತು ಬಾರ್‌ಕೋಡ್ ಭಾಗಗಳನ್ನು ಬಿಟ್ಟಿದ್ದೇವೆಂದು ಬಿಡುಗಡೆ ಟಿಪ್ಪಣಿಯಲ್ಲಿ ಬರೆದೆ.

ಈ 86 ಟೆಸ್ಟ್‌ಗಳು ಆ ಸಾಲನ್ನು ಶುಕ್ರವಾರವೂ ಮುಟ್ಟಿದ್ದವು, ಆದರೂ ದೋಷ ದಾಟಿಹೋಯಿತು. ಏಕೆಂದರೆ ಒಂದರಲ್ಲೂ ಅರ್ಧ ಪೈಸೆ ಬರುವ ಬೆಲೆ ಇರಲಿಲ್ಲ. ಆದ್ದರಿಂದ ₹49.80ರ ಬಿಲ್ಲನ್ನೇ ಹೊಸ ಟೆಸ್ಟ್ ಆಗಿ ಸೇರಿಸಿದೆವು.

ಇನ್ನೊಂದು ಪ್ರಶ್ನೆ ಎತ್ತಿದ್ದು ಸಹೋದ್ಯೋಗಿ: "ತಪ್ಪಾಗಿ ಮುದ್ರಣವಾದ ಹಳೆಯ ಬಿಲ್ಲನ್ನು ಗ್ರಾಹಕರು ಹಿಂತಿರುಗಿಸಿದರೆ?" ಕೈಯಾರೆ ಪರೀಕ್ಷಿಸಿದಾಗ, ಕ್ರೆಡಿಟ್ ನೋಟ್ ತೆರಿಗೆಯನ್ನು ಹೊಸದಾಗಿ ಲೆಕ್ಕಹಾಕಿ, ₹52.28ಕ್ಕೆ ಮಾರಿದ್ದಕ್ಕೆ ₹52.30 ಹಿಂದಿರುಗಿಸಿತು. ನಮ್ಮ ತಿದ್ದುಪಡಿಯೇ ತಂದ ವ್ಯತ್ಯಾಸವಿದು. ಇದಕ್ಕೆ ಸೂಟ್‌ನಲ್ಲಿ ಟೆಸ್ಟ್ ಇರಲಿಲ್ಲ. ಆ ಕೋಡನ್ನೂ ಈಗಲೇ ಮುಟ್ಟಿದರೆ ಪರೀಕ್ಷೆಯ ವ್ಯಾಪ್ತಿ ಮತ್ತೆ ಹಿಗ್ಗುತ್ತಿತ್ತು. ಹಾಗಾಗಿ ಶುಕ್ರವಾರದಿಂದ ಇಂದಿನವರೆಗಿನ ಬಿಲ್ಲುಗಳ ವಾಪಸಾತಿಯನ್ನು ನಾಳೆಯವರೆಗೆ ತಡೆಹಿಡಿಯುವಂತೆ ಮಳಿಗೆಯವರನ್ನು ಕೇಳಿಕೊಂಡೆವು, ಅವರು ಒಪ್ಪಿದರು.

ಆಯ್ದ ಟೆಸ್ಟ್‌ಗಳು 31 ನಿಮಿಷದಲ್ಲಿ ಮುಗಿದವು, 3.50ಕ್ಕೆ ಬಿಡುಗಡೆಯಾಯಿತು. ಪೂರ್ಣ ಸೂಟ್ ಈಗ ಹೊಸ ಟ್ಯಾಗ್ ಮೇಲೆ ಓಡುತ್ತಿದೆ. ಕ್ರೆಡಿಟ್ ನೋಟ್ ಮೂಲ ಬಿಲ್ಲಿನ ತೆರಿಗೆಯನ್ನೇ ಬಳಸುವಂತೆ ಮಾಡುವುದು ನಾಳೆ ಬೆಳಗಿನ ಮೊದಲ ಕೆಲಸ.