ಡಾಂಬರಿನ ಕಲೆಗೆ ನೀರು ಕೊನೆಗೆ

ರಸ್ತೆ ಕೆಲಸದವರ ಬಟ್ಟೆ ಲಾಂಡ್ರಿಗೆ ಬರುವಷ್ಟರಲ್ಲಿ ಮನೆಯಲ್ಲಿ ಒಮ್ಮೆ ಬಿಸಿನೀರು, ಸೋಪು ಹಾಕಿ ತಿಕ್ಕಿ ಆಗಿರುತ್ತದೆ. ಕಲೆ ಕೆಡುವುದೇ ಅಲ್ಲಿ. ಡಾಂಬರು ನೀರಿನಲ್ಲಿ ಕರಗುವುದಿಲ್ಲ, ಬಿಸಿ ತಾಗಿದರೆ ಮಾತ್ರ ಮೆತ್ತಗಾಗಿ ನೂಲಿನೊಳಗೆ ಇಳಿಯುತ್ತದೆ. ಅದನ್ನು ಕರಗಿಸುವುದು ಎಣ್ಣೆ.

ಖಾಕಿ ಹತ್ತಿ ಪ್ಯಾಂಟಿನ ಮೊಣಕಾಲಲ್ಲಿ ರೂಪಾಯಿ ನಾಣ್ಯದಷ್ಟು ಕಲೆ ಇದೆ ಎನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಹಾಕಿ ಹತ್ತು ನಿಮಿಷ ಒತ್ತಿಡಿ. ಡಾಂಬರು ಗಟ್ಟಿಯಾಗಿ ಬಿರುಕು ಬಿಟ್ಟಾಗ ಚಮಚದ ಅಂಚಿನಿಂದ ಮೇಲಿನ ಪದರ ಕೆರೆದು ತೆಗೆಯಿರಿ. ಮೊದಲೇ ಇಷ್ಟು ತೆಗೆದರೆ ಎಣ್ಣೆಯಲ್ಲಿ ಕರಗಿ ಹರಡುವ ಕಪ್ಪು ಕಡಿಮೆಯಾಗುತ್ತದೆ.

ಆಮೇಲೆ ಕಲೆಯ ಕೆಳಗೆ ಹಳೆ ಬಿಳಿ ಬಟ್ಟೆ ಮಡಿಸಿಟ್ಟು, ಅರ್ಧ ಚಮಚ ಕೊಬ್ಬರಿ ಎಣ್ಣೆ ಹಚ್ಚಿ ಇಪ್ಪತ್ತು ನಿಮಿಷ ಬಿಡಿ. ಚಳಿಗೆ ಎಣ್ಣೆ ಹೆಪ್ಪುಗಟ್ಟಿದ್ದರೆ ಸೂರ್ಯಕಾಂತಿ ಎಣ್ಣೆಯೂ ಆದೀತು. ಇನ್ನೊಂದು ಬಟ್ಟೆಯಿಂದ ಅಂಚಿನಿಂದ ನಡುವಿಗೆ ಒತ್ತಿ ತೆಗೆಯಿರಿ, ಉಜ್ಜಬೇಡಿ. ಎಣ್ಣೆ ಡಾಂಬರನ್ನು ಸಡಿಲಿಸುತ್ತದೆ ಅಷ್ಟೇ. ಅದನ್ನು ಹೊರಗೆ ಎಳೆದುಕೊಳ್ಳುವುದು ಈ ಒತ್ತುಬಟ್ಟೆ. ಅದರ ಜಾಗ ಬದಲಿಸುತ್ತಾ ಇರದಿದ್ದರೆ ಕರಗಿದ ಕಪ್ಪು ಮತ್ತೆ ಪ್ಯಾಂಟಿಗೇ ಸೇರಿ, ಸುತ್ತ ಕಂದು ಬಳೆಯಾಗುತ್ತದೆ. ಒತ್ತುಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ ಇದನ್ನೇ ಮಾಡಬೇಕು.

ಆಳಕ್ಕೆ ಇಳಿದ ನೆರಳು ಉಳಿದರೆ ನೀಲಗಿರಿ ಎಣ್ಣೆ ಕೆಲವು ಹನಿ ಸಾಕು. ಒಳಹೊಲಿಗೆಯ ಮೇಲೆ ಹಚ್ಚಿ, ಬಣ್ಣ ಬಿಡುವುದಿಲ್ಲ ಎಂದು ಮೊದಲು ನೋಡಿಕೊಳ್ಳಿ. ಪೆಟ್ರೋಲ್ ಮಾತ್ರ ಬೇಡವೇ ಬೇಡ: ಅದರ ಆವಿ ಎಷ್ಟೋ ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ. ನೀಲಗಿರಿ ಎಣ್ಣೆಗೂ ಬೆಂಕಿ ಹತ್ತುತ್ತದೆ, ಆದ್ದರಿಂದ ಒಲೆಯಿಂದ ದೂರ, ಕಿಟಕಿ ತೆರೆದೇ ಕೆಲಸ ಮಾಡಿ.

ಈಗ ಎಣ್ಣೆ ಹೋಗಬೇಕು. ಪಾತ್ರೆ ತೊಳೆಯುವ ದ್ರವ ಸೋಪನ್ನು ನೀರು ಸೋಕಿಸದೆ ಒಣಗಿದ್ದಂತೆಯೇ ಹಚ್ಚಿ, ಹತ್ತು ನಿಮಿಷ ಬಿಟ್ಟು ಉಗುರುಬೆಚ್ಚಗಿನ ನೀರಲ್ಲಿ ಒಗೆಯಿರಿ. ಒಣಗಿದ ಮೇಲೆ ಹಳದಿ ಗುರುತು ಕಂಡರೆ ಅದು ಉಳಿದ ಎಣ್ಣೆ. ಸೋಪು ಇನ್ನೊಮ್ಮೆ ಹಚ್ಚಿ. ಆ ಗುರುತಿನ ಮೇಲೆ ಇಸ್ತ್ರಿ ಇಟ್ಟರೆ ಅದು ಅಲ್ಲೇ ಕೂರುತ್ತದೆ. ರೇಷ್ಮೆ, ಉಣ್ಣೆಗೆ ಈ ಕ್ರಮ ಬೇಡ, ಡ್ರೈಕ್ಲೀನಿಂಗಿಗೆ ಕೊಡಿ.

ಚಪ್ಪಲಿ, ಶೂ ಅಟ್ಟೆಗೂ ಕ್ರಮ ಇದೇ, ಆದರೆ ಎಣ್ಣೆ ಹೆಚ್ಚು ಹೊತ್ತು ನಿಲ್ಲಬಾರದು. ಎಣ್ಣೆಯಲ್ಲಿ ನೆನೆದ ರಬ್ಬರ್ ಉಬ್ಬುತ್ತದೆ, ಅಂಟಿಸಿದ ಅಟ್ಟೆ ಬಿಚ್ಚಿಕೊಳ್ಳಬಹುದು. ಸೀಮೆಎಣ್ಣೆ ಇನ್ನೂ ಬೇಗ ಕೆಡಿಸುತ್ತದೆ. ಗೀರುಗಳ ಗಟ್ಟಿ ಡಾಂಬರನ್ನು ಮರದ ಕಡ್ಡಿಯಿಂದ ಎಬ್ಬಿಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಎಣ್ಣೆ ಸವರಿ, ಐದು ನಿಮಿಷದೊಳಗೆ ಒರೆಸಿ ಸೋಪಿನಿಂದ ಎರಡು ಬಾರಿ ತೊಳೆಯಿರಿ. ಬೆರಳಿಟ್ಟು ಜಾರಿಸಿ ನೋಡಿ: ಜಾರಿದರೆ ಎಣ್ಣೆ ಇನ್ನೂ ಇದೆ, ಅದನ್ನು ಮೆಟ್ಟಿಕೊಂಡು ಟೈಲ್ಸ್ ನೆಲದ ಮೇಲೆ ನಡೆಯಬೇಡಿ.