ನಾಲ್ಕು ಬೆರಳು ಕೆಳಗೆ

"ನಮ್ಮ ಭಾವಂಗೂ ಕುತ್ತಿಗೇನೇ ಮುರ್ದಿದ್ದು ಮೇಡಂ. ತೋಟದಾಗೇ ಉಸ್ರು ನಿಂತೋಯ್ತು. ಇವ್ರು ಹ್ಯಾಗೆ ಉಸ್ರಾಡ್ತಿದಾರೆ?"

ಸೋಮವಾರ ನನ್ನ ರೋಗಿಯ ಹೆಂಡತಿ ಕೇಳಿದ್ದು. ಇವತ್ತು ಶನಿವಾರ, ಇನ್ನೂ ತಲೆಯಿಂದ ಹೋಗಿಲ್ಲ. ಅಣ್ಣತಮ್ಮ ಇಬ್ಬರೂ ಅಡಿಕೆ ಮರ ಹತ್ತುವ ಕೊನೆಗಾರರು. ಅಣ್ಣ ಮೂರು ವರ್ಷದ ಹಿಂದೆ, ಮಳೆಗಾಲದಲ್ಲಿ ಅಡಿಕೆಗೆ ಔಷಧಿ ಹೊಡೆಯುವಾಗ ಜಾರಿ ಬಿದ್ದವನು. ತಮ್ಮ ಬಿದ್ದದ್ದು ಹೋದ ವಾರ. ಕುತ್ತಿಗೆಯ ಆರನೇ ಮೂಳೆ ಏಳನೆಯದರ ಮೇಲೆ ಜಾರಿ ಬೆನ್ನುಹುರಿ ನಜ್ಜಾಗಿತ್ತು. ಆಪರೇಷನ್ ಆಗಿ, ಪ್ಲೇಟು ಕೂರಿಸಿ, ನಾಲ್ಕನೇ ದಿನ ವಾರ್ಡಿಗೆ ಬಂದಿದ್ದ. ಹೆಗಲು ಏರಿಸುತ್ತಾನೆ, ಮೊಣಕೈ ಮಡಚುತ್ತಾನೆ, ನೀಡಲಾರ. ಬೆರಳು ಆಡುವುದಿಲ್ಲ, ಎದೆಯಿಂದ ಕೆಳಗೆ ಏನೂ ಇಲ್ಲ. ಆದರೆ ಉಸಿರಿದೆ. ನಾನು ಅವನ ಫಿಸಿಯೋಥೆರಪಿಸ್ಟ್. ನನ್ನ ಕೆಲಸವೇ ಆ ಉಸಿರನ್ನು ಅಳೆಯುವುದು.

ಆಕೆಗೆ ಅವತ್ತು ಹೇಳಿದ್ದು ಇಷ್ಟೇ: "ಭಾವನಿಗೆ ಮೇಲೆ ಪೆಟ್ಟಾಗಿರಬೇಕು ಅಕ್ಕ, ಇವರಿಗೆ ಒಂದು ನಾಲ್ಕು ಬೆರಳು ಕೆಳಗೆ." ಆಕೆ ತನ್ನ ಕತ್ತಿನ ಹಿಂದೆ ಬೆರಳಿಟ್ಟು ಅಳೆದು ನೋಡಿಕೊಂಡಳು. ಅಷ್ಟರಲ್ಲೇನು ವ್ಯತ್ಯಾಸ ಅನ್ನುವಂತಿತ್ತು ಮುಖ.

ವ್ಯತ್ಯಾಸ ಇಷ್ಟು. ಉಸಿರೆಳೆ ಎಂಬ ಆಜ್ಞೆ ಹುಟ್ಟುವುದು ಮಿದುಳಿನ ಬುಡದಲ್ಲಿ. ಅದು ಬೆನ್ನುಹುರಿಯೊಳಗೆ ಇಳಿದು ಕುತ್ತಿಗೆಯ ಮೂರು, ನಾಲ್ಕು, ಐದನೇ ಮಟ್ಟಗಳಲ್ಲಿರುವ ನರಕೋಶಗಳಿಗೆ ತಲುಪುತ್ತದೆ. ಅಲ್ಲಿಂದ ಹೊರಡುವುದೇ ಫ್ರೆನಿಕ್ ನರ. ಎಡಕ್ಕೊಂದು, ಬಲಕ್ಕೊಂದು. ಕುತ್ತಿಗೆಯಿಂದ ಎದೆಗಿಳಿದು, ಹೃದಯದ ಚೀಲದ ಪಕ್ಕದಲ್ಲೇ ಹಾದು, ವಪೆಗೆ ಸೇರುತ್ತದೆ. ಎದೆ ಮತ್ತು ಹೊಟ್ಟೆಯ ನಡುವೆ ಕೊಡೆಯಂತೆ ಹರಡಿರುವ ಆ ಸ್ನಾಯುವಿಗೆ ನರ ಇಷ್ಟು ದೂರದಿಂದ ಯಾಕೆ ಬರಬೇಕು? ಭ್ರೂಣಕ್ಕೆ ನಾಲ್ಕು ವಾರವಾದಾಗ ವಪೆಯ ಮೊದಲ ತುಣುಕು ಇರುವುದೇ ಕುತ್ತಿಗೆಯ ಎದುರಿಗೆ. ಆಗಲೇ ನರ ಅಂಟಿಕೊಳ್ಳುತ್ತದೆ. ಮೈ ಬೆಳೆದಂತೆ ವಪೆ ಕೆಳಗಿಳಿಯುತ್ತದೆ, ನರ ಅದರ ಹಿಂದೆಯೇ ಉದ್ದವಾಗುತ್ತ ಬರುತ್ತದೆ. ಮನೆ ಬದಲಿಸಿದರೂ ಹಳೇ ಕಂಬದಿಂದಲೇ ಕರೆಂಟು ಎಳೆದುಕೊಂಡ ಹಾಗೆ.

ಹಾಗಾಗಿ ಪೆಟ್ಟು ಮೂರಕ್ಕಿಂತ ಮೇಲೆ ಬಿದ್ದರೆ ಆಜ್ಞೆ ಕಂಬಕ್ಕೇ ತಲುಪುವುದಿಲ್ಲ. ಆರರ ಕೆಳಗೆ ಬಿದ್ದರೆ ವಪೆಯ ತಂತಿ ಆಗಲೇ ಕವಲೊಡೆದು ಹೊರಟಿರುತ್ತದೆ. ಕಡಿದುಹೋಗುವುದು ಪಕ್ಕೆಲುಬಿನ ನಡುವಿನ ಸ್ನಾಯುಗಳದ್ದು, ಹೊಟ್ಟೆಯ ಸ್ನಾಯುಗಳದ್ದು. ಸುಮ್ಮನಿದ್ದಾಗಿನ ಉಸಿರಾಟದ ಬಹುಪಾಲು ವಪೆಯದೇ, ಅದಕ್ಕೇ ಇವನು ಬದುಕಿದ.

ಬದುಕಿದ ಅಂದರೆ ಸಲೀಸಾಗಿ ಅಲ್ಲ. ಅವನು ಉಸಿರೆಳೆದಾಗ ಹೊಟ್ಟೆ ಮೇಲೇಳುತ್ತದೆ, ಎದೆ ಒಳಕ್ಕೆ ಕುಸಿಯುತ್ತದೆ. ಪಕ್ಕೆಲುಬು ಹಿಡಿದು ನಿಲ್ಲಿಸುವ ಸ್ನಾಯು ಸುಮ್ಮನಾಗಿದೆಯಲ್ಲ, ವಪೆ ಎಳೆದ ಕೂಡಲೇ ಎದೆಗೋಡೆಯೇ ಒಳಸರಿಯುತ್ತದೆ. ಆಕೆ ಅದನ್ನೂ ಗಮನಿಸಿದ್ದಳು. "ಉಲ್ಟಾ ಉಸ್ರಾಡ್ತಾರೆ" ಅಂದಳು. ರೌಂಡ್ಸಿಗೆ ಬರುವ ಅರ್ಧ ಜನ ಗಮನಿಸದ ಸಂಗತಿ.

ಬುಧವಾರ ಬೆಳಿಗ್ಗೆ ಬಂದಾಗ ಅವನ ಮೂಗಿನ ಹೊಳ್ಳೆ ಅರಳುತ್ತಿತ್ತು. ಮಾತು ತುಂಡು ತುಂಡು. ಚಾರ್ಟಿನಲ್ಲಿ ಆಮ್ಲಜನಕ 95, ಎಲ್ಲ ಸರಿ ಅಂತ ಬರೆದಿತ್ತು. ಆ ಅಂಕಿಯನ್ನು ನಾನು ನಂಬುವುದಿಲ್ಲ. ಅದು ಕುಸಿಯುವುದು ಎಲ್ಲಕ್ಕಿಂತ ಕೊನೆಗೆ, ಸ್ನಾಯು ದಣಿದು ಕೈಬಿಟ್ಟ ಮೇಲೆ. ಒಂದೇ ಉಸಿರಲ್ಲಿ ಎಣಿಸಲು ಹೇಳಿದೆ. ಮಂಗಳವಾರ ಹದಿನೆಂಟರವರೆಗೆ ಹೋಗಿದ್ದವನು ಹನ್ನೊಂದಕ್ಕೆ ನಿಂತ. ಪೂರ್ತಿ ಎಳೆದು ಪೂರ್ತಿ ಬಿಡುವ ಗಾಳಿ ಅಳೆದರೆ 900 ಮಿಲಿಲೀಟರ್, ಹಿಂದಿನ ದಿನ 1300 ಇತ್ತು. ಅವನ ತೂಕ 58 ಕಿಲೋ. ಕಿಲೋಗೆ 15 ಮಿಲಿಲೀಟರಿಗಿಂತ ಇಳಿದರೆ ನಳಿಕೆ ಹಾಕುವ ಮಾತು ಶುರುವಾಗುತ್ತದೆ. ಅಂದರೆ 870. ಗಡಿಯಲ್ಲೇ ನಿಂತಿದ್ದ.

ನನ್ನ ಎದೆ ಹೊಡೆದುಕೊಂಡದ್ದು ಬೇರೆ ಕಾರಣಕ್ಕೆ. ಮೊದಲ ದಿನಗಳಲ್ಲಿ ಬೆನ್ನುಹುರಿಯ ಬಾವು ಮೇಲಕ್ಕೆ ಹತ್ತುವುದುಂಟು. ಆರಿಂದ ಐದಕ್ಕೆ, ಐದರಿಂದ ನಾಲ್ಕಕ್ಕೆ ಏರಿದರೆ ಕೊನೆಗೆ ವಪೆಯೂ ಹೋಗುತ್ತದೆ. ಹತ್ತಿದೆಯೋ ಇಲ್ಲವೋ ತಿಳಿಯಲು ಕೈ ಸಾಕು. ಹೆಗಲು ಏರಿಸಲು, ಮೊಣಕೈ ಮಡಚಲು ಹೇಳಿ ಒತ್ತಿ ಹಿಡಿದೆ. ಮಡಚುವುದು ಐದನೇ ಮಟ್ಟದ ಕೆಲಸ. ಬಾವು ಅಲ್ಲಿಗೆ ಬಂದಿದ್ದರೆ ತೋಳು ಸೋಲಬೇಕಿತ್ತು. ನಿನ್ನೆಯಷ್ಟೇ ಗಟ್ಟಿ. ಹಾಗಾದರೆ ಏನು?

ಆಗ ಕಂಡಿತು ಮಂಚ. ತಲೆಯ ಕಡೆ ಪೂರ್ತಿ ಎತ್ತಿತ್ತು. ಆಕೆಯ ತಮ್ಮ, ಯಾವ ಡಾಕ್ಟರಿಗೂ ಸಲಹೆ ಕೊಡದೆ ಬಿಡದ ಹುಡುಗ, ರಾತ್ರಿ "ಕೂತರೆ ಉಸಿರು ಸಲೀಸು" ಅಂತ ಹ್ಯಾಂಡಲ್ ತಿರುಗಿಸಿದ್ದ. ತಪ್ಪೆನ್ನಲಾರೆ, ದಮ್ಮಿನ ಅಜ್ಜಂದಿರಿಗೆಲ್ಲ ನಾವು ಹೇಳುವುದು ಅದನ್ನೇ. ಆದರೆ ಇವನ ಹೊಟ್ಟೆಯ ಗೋಡೆಗೆ ಬಿಗಿ ಇಲ್ಲ. ಕೂರಿಸಿದರೆ ಕರುಳೆಲ್ಲ ಮುಂದಕ್ಕೆ ಜಾರಿ, ವಪೆ ಮೊದಲೇ ಕೆಳಗಿಳಿದು ಚಪ್ಪಟೆಯಾಗುತ್ತದೆ. ಮೊದಲೇ ಹಿಗ್ಗಿಸಿಟ್ಟ ತಿದಿ ಇನ್ನೆಷ್ಟು ಗಾಳಿ ಎಳೆದೀತು? ಮಲಗಿದರೆ ಕರುಳೇ ವಪೆಯನ್ನು ಮೇಲಕ್ಕೆ ತಳ್ಳಿ ಗುಮ್ಮಟ ಮಾಡಿಕೊಡುತ್ತದೆ.

ಮಂಚ ಇಳಿಸಿದೆವು. ಇಪ್ಪತ್ತು ನಿಮಿಷಕ್ಕೆ 1250. ಇನ್ನು ಮೇಲೆ ಕೂರಿಸುವ ಮುಂಚೆ ಹೊಟ್ಟೆಗೆ ಬೆಲ್ಟು ಬಿಗಿಯಬೇಕು ಎಂದು ಚಾರ್ಟಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದೆ. ಹುಡುಗ ಎರಡು ದಿನ ನನ್ನ ಕಣ್ಣು ತಪ್ಪಿಸಿ ಓಡಾಡಿದ.

ನಿನ್ನೆ ಆಕೆಗೆ ಕೆಮ್ಮಿಸುವುದನ್ನು ಕಲಿಸಿದೆ. ಕೆಮ್ಮು ವಪೆಯ ಕೆಲಸವಲ್ಲ, ಹೊಟ್ಟೆಯದು. ಹೊಟ್ಟೆ ಸತ್ತವನಿಗೆ ಕಫ ಗಂಟಲಿಗೇ ಬಂದರೂ ಹೊರಹಾಕಲಾಗದು, ಈ ರೋಗಿಗಳನ್ನು ಕೊಲ್ಲುವುದು ಹೆಚ್ಚಾಗಿ ಆ ಕಫ. ಪಕ್ಕೆಲುಬಿನ ಕೆಳಗೆ ಎರಡೂ ಅಂಗೈ ಇಟ್ಟು, ಅವನು ಕೆಮ್ಮುವ ಕ್ಷಣಕ್ಕೇ ಒಳಕ್ಕೂ ಮೇಲಕ್ಕೂ ಒತ್ತಬೇಕು. ಒತ್ತುತ್ತ ಒತ್ತುತ್ತ ಆಕೆ ತಾನಾಗಿ ಶುರು ಮಾಡಿದಳು.

"ಭಾವ ಕಣ್ಣು ಬಿಟ್ಕಂಡೇ ಇದ್ರು ಮೇಡಂ. ಬಾಯಿ ಆಡಿಸ್ತಿದ್ರು, ದನಿ ಬರ್ಲಿಲ್ಲ. ನಾವು ನೀರು ಕುಡ್ಸಿದ್ವಿ."

ಮುಖದ ನರಗಳು ಕುತ್ತಿಗೆಗೆ ಇಳಿಯುವುದೇ ಇಲ್ಲ, ಮಿದುಳಿನಿಂದ ನೇರ ಹೋಗುತ್ತವೆ. ದನಿಗೆ ಗಾಳಿ ಬೇಕು, ಗಾಳಿ ಇರಲಿಲ್ಲ. ನಟ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದಾಗ ಮುರಿದದ್ದು ಮೊದಲೆರಡು ಮೂಳೆ. ಸಮಯಕ್ಕೆ ಉಸಿರು ಕೊಟ್ಟವರಿದ್ದರು, ವೆಂಟಿಲೇಟರ್ ಸಿಕ್ಕಿತು. 2003ರಲ್ಲಿ ಅವರ ವಪೆಗೆ ವಿದ್ಯುತ್ ತಂತಿ ಕೂರಿಸಿದರು. ಅದು ಸಾಧ್ಯವಾದದ್ದು ಪೆಟ್ಟು ಅಷ್ಟು ಮೇಲಿದ್ದದ್ದಕ್ಕೇ: ಕೆಳಗಿನ ಮೂರು, ನಾಲ್ಕು, ಐದರ ಕೋಶಗಳು ಜೀವಂತ ಉಳಿದಿದ್ದವು, ಆಜ್ಞೆಯಷ್ಟೇ ಇರಲಿಲ್ಲ. ಪೆಟ್ಟು ಆ ಕೋಶಗಳ ಮೇಲೇ ಬಿದ್ದಿದ್ದರೆ ಫ್ರೆನಿಕ್ ನರವೇ ಒಣಗುತ್ತಿತ್ತು, ಯಾವ ತಂತಿಯೂ ನಡೆಯುತ್ತಿರಲಿಲ್ಲ.

"ನೀರು ಕುಡಿಸಬಾರದಿತ್ತೇನೋ ಅಲ್ವಾ?" ಅಂದಳು.

ಬಾಯಿಗೆ ಬಾಯಿಟ್ಟು ಊದಬೇಕಿತ್ತು ಅಂತ ನಾನು ಹೇಳಲಿಲ್ಲ. ತೋಟದಿಂದ ರಸ್ತೆಗೇ ಅರ್ಧ ಗಂಟೆ. ಎಷ್ಟು ಹೊತ್ತು ಊದುತ್ತಿದ್ದರು? "ಅವರು ಕೆಮ್ಮೋಕೆ ಹೊರಟಾಗ ಒತ್ತಿ ಅಕ್ಕ, ಆಮೇಲಲ್ಲ" ಅಂದೆ. ಒತ್ತಿದಳು. ಗಟ್ಟಿ ಕೆಮ್ಮು ಬಂತು, ಕಫವೂ ಬಂತು. ಅವನು ಎಣಿಸತೊಡಗಿದ. ಹತ್ತೊಂಬತ್ತರವರೆಗೆ ಆಕೆಯೂ ಜೊತೆಗೆ ತುಟಿ ಆಡಿಸಿದಳು.