ಮಾಸಿಕ ವರದಿಯ ಫೈಲುಗಳಲ್ಲಿ ಅನುಮೋದಿತ ಪ್ರತಿ ಯಾವುದೆಂದು ತಿಳಿಯುವುದು ಹೇಗೆ

ಪ್ರತಿ ತಿಂಗಳ ಮಾರಾಟದ ವರದಿಯನ್ನು ಸಿದ್ಧಪಡಿಸಿ, ಅನುಮೋದನೆ ಪಡೆದು, ಬೇರೆ ವಿಭಾಗಗಳಿಗೆ ಕಳುಹಿಸುವುದು ನನ್ನ ಕೆಲಸ. ಈ ಕೆಲಸದಲ್ಲಿ ಲೆಕ್ಕ ಹಾಕುವುದಕ್ಕಿಂತ ಹೆಚ್ಚು ತೊಂದರೆ ಕೊಡುವುದು, ಒಂದೇ ವರದಿಯ ಐದಾರು ಪ್ರತಿಗಳು ಒಟ್ಟಿಗೆ ಇರುವಾಗ ಅವುಗಳಲ್ಲಿ ಅನುಮೋದನೆ ದೊರೆತದ್ದು ಯಾವುದೆಂದು ಗುರುತಿಸುವುದು. ಹೆಸರಿನಲ್ಲಿ Final ಎಂದು ಸೇರಿಸಿದರೆ ಇದು ಬಗೆಹರಿಯುವುದಿಲ್ಲ, ಏಕೆಂದರೆ ಆ ಪದವನ್ನು ಬರೆಯುವವರು ತಮ್ಮ ಪಾಲಿನ ಕೆಲಸ ಮುಗಿದಾಗ ಬರೆಯುತ್ತಾರೆಯೇ ಹೊರತು ಅನುಮೋದನೆ ದೊರೆತಾಗ ಅಲ್ಲ. ಫೈಲಿನ ಪಕ್ಕದಲ್ಲಿ ಕಾಣುವ ಮಾರ್ಪಾಡಿನ ದಿನಾಂಕವನ್ನೂ ನಂಬುವಂತಿಲ್ಲ. ಯಾರಾದರೂ ಹಳೆಯ ಪ್ರತಿಯನ್ನು ತೆರೆದು, ಕಾಲಂನ ಅಗಲವನ್ನು ಮಾತ್ರ ಬದಲಿಸಿ ಉಳಿಸಿದರೂ ಅದೇ ಎಲ್ಲಕ್ಕಿಂತ ಹೊಸದಾಗಿ ತೋರುತ್ತದೆ.

ನಾವು ಈಗ ಅನುಸರಿಸುವ ಹೆಸರಿನ ಕ್ರಮ ಹೀಗಿದೆ:

```
2025-03_Sales_v1_d01.xlsx
2025-03_Sales_v1_d02.xlsx
2025-03_Sales_v1.xlsx
```

ಮೊದಲಿಗೆ ವರ್ಷ, ನಂತರ ಎರಡು ಅಂಕಿಯಲ್ಲಿ ತಿಂಗಳು. ತಿಂಗಳ ಹೆಸರನ್ನೇ ಇಂಗ್ಲಿಷಿನಲ್ಲಿ ಬರೆದರೆ ಅಕ್ಷರಕ್ರಮದಲ್ಲಿ ಏಪ್ರಿಲ್ ಮೊದಲು ಬಂದು ಜನವರಿ ಎಲ್ಲೋ ನಡುವೆ ಸೇರುತ್ತದೆ. ತಿಂಗಳನ್ನು ವರ್ಷಕ್ಕಿಂತ ಮೊದಲು ಬರೆದರೆ ಎಲ್ಲ ವರ್ಷಗಳ ಮಾರ್ಚ್ ವರದಿಗಳು ಒಂದೆಡೆ ಗುಂಪಾಗುತ್ತವೆ. ಇಲ್ಲಿ ಬರುವ ತಿಂಗಳು ವರದಿಯ ಅವಧಿಯದ್ದೇ ಆಗಿರಬೇಕು, ಅದನ್ನು ತಯಾರಿಸಿದ ದಿನದ್ದಲ್ಲ. ಮಾರ್ಚ್ ವರದಿ ಏಪ್ರಿಲ್‌ನಲ್ಲಿ ಸಿದ್ಧವಾಗುವುದರಿಂದ ಈ ಗೊಂದಲ ಮೇಲಿಂದ ಮೇಲೆ ಆಗುತ್ತದೆ.

ಹೆಸರಿನ ಕೊನೆಯ ಭಾಗವೇ ಮುಖ್ಯವಾದದ್ದು. v1_d02 ಎಂದರೆ ಮೊದಲ ಅನುಮೋದಿತ ಆವೃತ್ತಿಯ ಕಡೆಗೆ ಸಾಗುತ್ತಿರುವ ಎರಡನೆಯ ಕರಡು. d ಇಲ್ಲದ v1 ಎಂದರೆ ಅನುಮೋದನೆ ದೊರೆತ ಪ್ರತಿ. ಅನುಮೋದನೆಯ ನಂತರ ತಿದ್ದುಪಡಿ ಬೇಕಾದರೆ v2_d01 ಆರಂಭವಾಗುತ್ತದೆ. ಕರಡು ಎಷ್ಟೇ ಚೆನ್ನಾಗಿದ್ದರೂ d ಅನ್ನು ತೆಗೆಯುವ ಅಧಿಕಾರ ಅದನ್ನು ಬರೆದವರಿಗಿಲ್ಲ. ಕರಡಿನ ಸಂಖ್ಯೆಯಲ್ಲಿ ಸೊನ್ನೆ ಏಕೆಂದು ಹೊಸಬರು ಕೇಳುತ್ತಾರೆ: ಅಕ್ಷರ ಅಕ್ಷರವಾಗಿ ಹೋಲಿಸಿ ಜೋಡಿಸುವ ವ್ಯವಸ್ಥೆಗಳಲ್ಲಿ d10 ಎಂಬುದು d2ಗಿಂತ ಮೊದಲು ಬರುತ್ತದೆ, d02 ಎಂದಿದ್ದರೆ ಕ್ರಮ ಕೆಡುವುದಿಲ್ಲ.

ಹೆಸರಿನ ಜೊತೆಗೆ ಜಾಗವೂ ಅದೇ ಮಾತನ್ನು ಹೇಳಬೇಕು. ಪ್ರತಿ ತಿಂಗಳ ಫೋಲ್ಡರಿನೊಳಗೆ ಮೂರು ಫೋಲ್ಡರುಗಳಿವೆ:

```
2025-03
    1_Working
    2_Approved
    3_Superseded
```

2_Approved ಒಳಗೆ ಒಂದು ವರದಿಗೆ ಒಂದೇ ಆವೃತ್ತಿ ಇರುತ್ತದೆ: ಎಕ್ಸೆಲ್ ಫೈಲ್ ಮತ್ತು ಅದರಿಂದಲೇ ತೆಗೆದ ಪಿಡಿಎಫ್. ಹೊಸ ಆವೃತ್ತಿ ಬಂದೊಡನೆ ಹಳೆಯದು 3_Superseded ಫೋಲ್ಡರಿಗೆ ಹೋಗುತ್ತದೆ, ಅಳಿಸಿಹಾಕುವುದಿಲ್ಲ. ವರದಿಯನ್ನು ಬಳಸುವ ವಿಭಾಗಗಳಿಗೆ 2_Approved ಮಾತ್ರ ಕಾಣುತ್ತದೆ, ಅದೂ ಓದುವುದಕ್ಕಷ್ಟೇ. ಅಲ್ಲಿ ಫೈಲುಗಳನ್ನು ಇಡುವ ಹಕ್ಕು ನಮ್ಮಲ್ಲಿ ಒಬ್ಬರಿಗೆ ಮತ್ತು ಅವರು ರಜೆಯಲ್ಲಿರುವಾಗ ಇನ್ನೊಬ್ಬರಿಗೆ ಇದೆ.

ಈ ಕ್ರಮದ ನಿಜವಾದ ಪರೀಕ್ಷೆ ಆಗುವುದು ಅನುಮೋದನೆಯ ನಂತರ ತಪ್ಪು ಕಂಡುಬಂದಾಗ. ಒಮ್ಮೆ ಮಾರ್ಚ್ ವರದಿಯ v1 ಏಪ್ರಿಲ್ 8ರಂದು ಅನುಮೋದನೆಗೊಂಡು ಎಲ್ಲರಿಗೂ ತಲುಪಿತ್ತು. ಮರುವಾರ ಒಂದು ಶಾಖೆಯಿಂದ ತಡವಾಗಿ ಬಂದ ಪಟ್ಟಿಯಲ್ಲಿ, ಗ್ರಾಹಕರು ಹಿಂದಿರುಗಿಸಿದ 120 ನಗಗಳ ವಿವರವಿತ್ತು. v1ರಲ್ಲಿ ನಿವ್ವಳ ಮಾರಾಟ 4,500 ಎಂದಿತ್ತು, ಅದು 4,380 ಆಗಬೇಕಿತ್ತು. ಇಂಥ ಸಮಯದಲ್ಲಿ v1 ಅನ್ನೇ ತೆರೆದು ಅಂಕಿಯನ್ನು ತಿದ್ದಿ ಉಳಿಸಿಬಿಡೋಣ ಎಂಬ ಆತುರ ಸಹಜ. ಹಾಗೆ ಮಾಡಿದರೆ ಒಂದೇ ಹೆಸರಿನ ಎರಡು ವರದಿಗಳು ಹುಟ್ಟುತ್ತವೆ: ಒಂದು ಫೋಲ್ಡರಿನಲ್ಲಿ, ಇನ್ನೊಂದು ಈಗಾಗಲೇ ಇಮೇಲ್ ಪಡೆದವರ ಬಳಿ. ಯಾರ ಅಂಕಿ ಸರಿ ಎಂದು ಕೇಳಿದರೆ ಇಬ್ಬರೂ v1 ಎಂದೇ ಹೇಳುತ್ತಾರೆ.

ನಾವು v1 ಅನ್ನು 1_Working ಫೋಲ್ಡರಿಗೆ ನಕಲು ಮಾಡಿ 2025-03_Sales_v2_d01.xlsx ಎಂದು ಹೆಸರಿಟ್ಟು, ತಿದ್ದುಪಡಿಯನ್ನು ಅಲ್ಲಿ ಮಾಡಿದೆವು. ವರ್ಕ್‌ಬುಕ್ಕಿನ ಮೊದಲ ಶೀಟಿನಲ್ಲಿ ಬದಲಾವಣೆಗಳ ಪಟ್ಟಿ ಇರುತ್ತದೆ. ಅದರಲ್ಲಿ ಯಾವ ಸೆಲ್, ಹಳೆಯ ಮೌಲ್ಯ, ಹೊಸ ಮೌಲ್ಯ, ಕಾರಣ ಮತ್ತು ಆಧಾರವಾದ ಪಟ್ಟಿಯ ಹೆಸರನ್ನು ಬರೆದೆವು. v2 ಅನುಮೋದನೆ ಆಗುವವರೆಗೆ v1 ತನ್ನ ಜಾಗದಲ್ಲೇ ಇತ್ತು. ತಪ್ಪಿದೆ ಎಂದು ಗೊತ್ತಿದ್ದೂ ಅದನ್ನು ಏಕೆ ಇಡಬೇಕೆಂದು ಸಹೋದ್ಯೋಗಿಯೊಬ್ಬರು ವಾದಿಸಿದರು. ಅದನ್ನು ತೆಗೆದರೆ ಜನ ತಮ್ಮ ಇಮೇಲಿನಲ್ಲಿರುವ ಪ್ರತಿಗೋ ಯಾರೋ ಕೊಟ್ಟ ಕರಡಿಗೋ ಮೊರೆಹೋಗುತ್ತಾರೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಫೈಲನ್ನು ಮುಟ್ಟದೆ, ನಿವ್ವಳ ಮಾರಾಟದ ಅಂಕಿ ಪರಿಶೀಲನೆಯಲ್ಲಿದೆ ಎಂಬ ಒಂದು ಸಾಲಿನ ಸೂಚನೆಯನ್ನು v1 ಪಡೆದ ಎಲ್ಲರಿಗೂ ಅಂದೇ ಕಳುಹಿಸಿದೆವು.

ಅನುಮೋದಿಸುವವರು ಕೇವಲ "ಸರಿಯಿದೆ" ಎಂದು ಉತ್ತರಿಸಿದರೆ ನಾವು ಅದನ್ನು ಅನುಮೋದನೆಯೆಂದು ಪರಿಗಣಿಸುವುದಿಲ್ಲ. ಅವರ ಉತ್ತರದಲ್ಲಿ ಫೈಲಿನ ಪೂರ್ಣ ಹೆಸರು ಇರಬೇಕು. ಈ ಬಾರಿ ಅವರು ನೋಡಿದ್ದು v2_d02. ಉತ್ತರ ಬಂದ ನಂತರ ಅದರ ಒಂದು ನಕಲಿಗೆ v2 ಎಂದು ಹೆಸರಿಟ್ಟು, ಆಮೇಲೆ ಪಿಡಿಎಫ್ ತೆಗೆದೆವು. ಈ ಕ್ರಮ ಹಿಂದುಮುಂದಾಗಬಾರದು. ನಮ್ಮ ಪ್ರತಿ ಪುಟದ ಅಡಿಟಿಪ್ಪಣಿಯಲ್ಲಿ ಎಕ್ಸೆಲ್‌ನ ಈ ಸಂಕೇತವಿದೆ:

```
&[File]
```

ಇದು ಫೈಲಿನ ಹೆಸರನ್ನು ತಾನಾಗಿಯೇ ಮುದ್ರಿಸುತ್ತದೆ. ಹೆಸರು ಬದಲಿಸುವ ಮೊದಲೇ ಪಿಡಿಎಫ್ ತೆಗೆದರೆ, ಅನುಮೋದಿತ ಪ್ರತಿಯ ಅಡಿಯಲ್ಲಿ ಕರಡಿನ ಹೆಸರು ಅಚ್ಚಾಗಿ ಉಳಿಯುತ್ತದೆ. ಸರಿಯಾಗಿ ಮಾಡಿದರೆ, ಯಾರ ಮೇಜಿನ ಮೇಲಿರುವ ಕಾಗದವನ್ನಾದರೂ ಎತ್ತಿ ಅದರ ಅಡಿಯ ಸಾಲನ್ನು 2_Approved ಫೋಲ್ಡರಿನೊಂದಿಗೆ ಹೋಲಿಸಿ, ಅದು ಚಾಲ್ತಿಯಲ್ಲಿದೆಯೋ ಇಲ್ಲವೋ ಎಂದು ತಕ್ಷಣ ಹೇಳಬಹುದು.

v2 ಬಂದರೂ ಕೆಲಸ ಮುಗಿದಿರಲಿಲ್ಲ. ಏಪ್ರಿಲ್ ವರದಿಯ ಕರಡು ಮಾರ್ಚ್‌ವರೆಗಿನ ಒಟ್ಟು ಮೊತ್ತವನ್ನು v1 ಫೈಲಿನಿಂದ ಲಿಂಕ್ ಮೂಲಕ ಪಡೆಯುತ್ತಿತ್ತು. v1 ಬೇರೆ ಫೋಲ್ಡರಿಗೆ ಹೋದ ಮೇಲೆ ಆ ಲಿಂಕ್ ಮುರಿದರೂ ಸೆಲ್ ಖಾಲಿಯಾಗುವುದಿಲ್ಲ. ಎಕ್ಸೆಲ್ ಕೊನೆಯ ಬಾರಿ ಓದಿದ ಮೌಲ್ಯವನ್ನೇ ತೋರಿಸುತ್ತಿರುತ್ತದೆ, ಮತ್ತು ಲಿಂಕ್ ನವೀಕರಿಸಬೇಕೇ ಎಂಬ ಪ್ರಶ್ನೆಗೆ ಬೇಡವೆಂದವರಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಹೊಸ ಆವೃತ್ತಿ ಬಂದಾಗಲೆಲ್ಲ ಮುಂದಿನ ತಿಂಗಳ ಕರಡನ್ನು ತೆರೆದು, Edit Links ಅಥವಾ ಹೊಸ ಎಕ್ಸೆಲ್‌ನಲ್ಲಿ Workbook Links ಎಂಬಲ್ಲಿ ಮೂಲ ಫೈಲನ್ನು v2ಗೆ ಬದಲಿಸಿ, ಒಟ್ಟು ಮೊತ್ತ 120ರಷ್ಟೇ ಇಳಿದಿದೆಯೇ ಎಂದು ನೋಡುತ್ತೇವೆ.

ಇದೇ ಕಾರಣಕ್ಕೆ, ಈ ಕ್ರಮಕ್ಕಿಂತ ಹಿಂದಿನ ತಿಂಗಳುಗಳ ಫೈಲುಗಳಿಗೆ ನಾವು ಹೊಸ ಹೆಸರು ಕೊಡಲಿಲ್ಲ. ಅವುಗಳ ಹೆಸರು ಬದಲಿಸಿದರೆ ಎಷ್ಟು ಲಿಂಕುಗಳು ಸದ್ದಿಲ್ಲದೆ ಕಡಿಯುತ್ತವೆಯೋ ಹೇಳಲಾಗದು. ಆ ಹಳೆಯ ಫೋಲ್ಡರುಗಳನ್ನು ಓದುವುದಕ್ಕೆ ಮಾತ್ರ ಎಂದು ಮಾಡಿ, ಪ್ರತಿಯೊಂದರ ಅನುಮೋದಿತ ಪ್ರತಿ ಯಾವುದೆಂದು ಒಂದು ಶೀಟಿನಲ್ಲಿ ಪಟ್ಟಿ ಮಾಡಿ, ಹೊಸ ಕ್ರಮವನ್ನು ಮುಂದಿನ ತಿಂಗಳಿನಿಂದ ಆರಂಭಿಸಿದೆವು.